ಸೋಬಾನೆಯ ಹಿಂದೆ ಒಂದು ಟಿ.ವಿ.

ಪರದೆಯ ಮೇಲೆ ಹಾಡೊಂದು ಹರಡಿಕೊಂಡಿದೆ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಕಂಪನಾಂಕ. ದನಿ ಜೋರಾದಲ್ಲಿ ಬಣ್ಣವೂ ಪ್ರಖರ. ಹಳ್ಳಿಮನೆಯೊಂದರ ನಡುಮನೆಯಲ್ಲಿ, ವರ್ಷಗಳ ಹಿಂದೆ, ಸಣ್ಣ ಡಿಜಿಟಲ್ ರೆಕಾರ್ಡರಿನಲ್ಲಿ ಹಿಡಿದ ಸೋಬಾನೆ ಪದ ಇದು. ಅಡಾಸಿಟಿಯ ಸ್ಪೆಕ್ಟ್ರೋಗ್ರಾಮ್ ನೋಟದಲ್ಲಿ ಅಜ್ಜಿಯ ದನಿ ಬಾಚಿದ ಕೂದಲಿನಂತೆ ಎಳೆಎಳೆಯಾಗಿ ಬಾಗಿ ಬಳುಕುತ್ತಿದೆ. ತಳದ ಎಳೆ ಮೂಲಸ್ವರ. ಮೇಲಿನವು ಅದರ ಎರಡು ಪಟ್ಟು, ಮೂರು ಪಟ್ಟು.

ಬಳುಕದ ಗೆರೆಗಳೂ ಇವೆ. 50, 100, 150, 200 ಹರ್ಟ್ಸ್‌ನಲ್ಲಿ ನೆಟ್ಟಗೆ ಎಳೆದಂತೆ ನಿಂತಿವೆ. ಅಜ್ಜಿ ಉಸಿರೆಳೆದುಕೊಳ್ಳುವಾಗ ದನಿಯ ಎಳೆಗಳು ಮಾಯವಾದರೂ ಇವು ಮಾತ್ರ ಮುಂದುವರಿಯುತ್ತವೆ. ಇದು ಕರೆಂಟಿನ ಗುಂಯ್ ಸದ್ದು. ನಮ್ಮಲ್ಲಿ ವಿದ್ಯುತ್ತಿನ ಆವರ್ತನ 50, ಹಾಗಾಗಿ ಅದರ ಮಗ್ಗಿಯೇ ಇಲ್ಲಿ ಬರೆದಿದೆ.

ಪಲ್ಲವಿ ಮತ್ತೆ ಬಂದಾಗ ಜೊತೆಯ ಹೆಂಗಸರೆಲ್ಲ ದನಿಗೂಡಿಸುತ್ತಾರೆ. ಒಮ್ಮೆಲೇ ಎಳೆಗಳ ನಡುವಿನ ಕತ್ತಲು ತುಂಬಿಕೊಂಡು, ಬಣ್ಣ ಪರದೆಯ ನೆತ್ತಿಯವರೆಗೂ ಎರಚಿದಂತಾಗುತ್ತದೆ. ಚಪ್ಪಾಳೆಯೂ ಹೀಗೆ ಕಂಬ ನಿಲ್ಲಿಸಬಲ್ಲದು. ಆದರೆ ಅದು ಮೌನದಲ್ಲೂ ಏಳುತ್ತದೆ, ಎದ್ದು ಆರಿಹೋಗುತ್ತದೆ. ಇಲ್ಲಿನ ಕಂಬಗಳು ದನಿಯ ಏರಿಗೆ ಮಾತ್ರ ಅಂಟಿಕೊಂಡಿವೆ. ತರಂಗದ ನೋಟಕ್ಕೆ ಮರಳಿ ಹಿಗ್ಗಿಸಿದರೆ ಅಲೆಗಳ ನೆತ್ತಿ ಕತ್ತರಿಸಿದಂತೆ ಚಪ್ಪಟೆ: ಕ್ಲಿಪ್ಪಿಂಗ್. ಈ ಕಡತದ ಗಟ್ಟಿತನವನ್ನು ಆಮೇಲೆ ಯಾರೋ ತಗ್ಗಿಸಿದ್ದಾರೆ. ಹಾಗಾಗಿ ಚಪ್ಪಟೆ ನೆತ್ತಿ ಗರಿಷ್ಠ ಮಟ್ಟಕ್ಕಿಂತ ಕೆಳಗಿದೆ, ತಂತ್ರಾಂಶದ ಕೆಂಪು ಎಚ್ಚರಿಕೆ ಎಲ್ಲೂ ಹೊತ್ತಿಲ್ಲ. ಮಟ್ಟ ತಗ್ಗಿದರೂ ಗಾಯ ಮಾಯುವುದಿಲ್ಲ.

ಇನ್ನು ಮೇಲಕ್ಕೆ, ದನಿಯ ಎಳೆಗಳೆಲ್ಲ ಮುಗಿದ ಕತ್ತಲಲ್ಲಿ, ದಾರದಷ್ಟು ಸಣ್ಣ ಗೆರೆ. ಹೆಡ್‌ಫೋನ್ ಹಾಕಿದರೂ ನನ್ನ ವಯಸ್ಸಿನ ಕಿವಿಗೆ ಏನೂ ಕೇಳದು. ವಿಂಡೋ ಗಾತ್ರ 256 ಇದ್ದಾಗ ಅದು ದಪ್ಪನೆಯ ಮಸುಕು ಪಟ್ಟಿ. ಸೆಕೆಂಡಿಗೆ 44,100 ಮಾದರಿಗಳ ಈ ಕಡತದಲ್ಲಿ ಆಗ ಒಂದೊಂದು ಮೆಟ್ಟಿಲೂ ಸುಮಾರು 172 ಹರ್ಟ್ಸ್ ಅಗಲ. 4096ಕ್ಕೆ ಏರಿಸಿದರೆ ಮೆಟ್ಟಿಲು 11ರ ಆಸುಪಾಸಿಗೆ ಇಳಿದು ಗೆರೆ ಚೂಪಾಗುತ್ತದೆ. ಬದಲಿಗೆ ಕಾಲದ ಅಂಚುಗಳು ಕದಡುತ್ತವೆ. ಎರಡನ್ನೂ ಒಟ್ಟಿಗೆ ನಿಖರವಾಗಿ ಪಡೆಯಲಾಗದು. ಈಗ ಓದಬಹುದು: 15,625ರ ಹತ್ತಿರ.

ಆ ಸಂಖ್ಯೆ ಹಳೆಯ ಡಬ್ಬಾ ಟಿ.ವಿ.ಯದು. ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ, ಗುಣಿಸಿದರೆ ಅಷ್ಟೇ. ಆ ವೇಗದಲ್ಲಿ ಒಳಗಿನ ಟ್ರಾನ್ಸ್‌ಫಾರ್ಮರ್ ಕಂಪಿಸಿ ಕೀರಲು ಸದ್ದು ಹೊರಡಿಸುತ್ತದೆ. ಪಕ್ಕದ ಕೋಣೆಯಲ್ಲಿ ಯಾರೋ ಸದ್ದು ಪೂರಾ ಇಳಿಸಿ, ಚಿತ್ರವನ್ನಷ್ಟೇ ನೋಡುತ್ತಿದ್ದಿರಬೇಕು. ಎರಡನೇ ಪದದ ನಡುವೆ ಗೆರೆ ತಟ್ಟನೆ ನಿಲ್ಲುತ್ತದೆ; ತಳದ ಗುಂಯ್ ಮಾತ್ರ ನಿಂತಿಲ್ಲ. ಅಂದರೆ ಹೋದದ್ದು ಕರೆಂಟಲ್ಲ, ಟಿ.ವಿ. ಆರಿಸಿದ್ದಾರೆ. ಗುಂಯ್‌ನ ಮೂಲ ಬೇರೆ.

15,625ನ್ನು ಕಿರಿದಾದ ನಾಚ್ ಫಿಲ್ಟರಿನಿಂದ ತೆಗೆದೆ. 50, 100, 150 ಕೂಡ ಹೋದವು. 200ರ ಗೆರೆ ಅಜ್ಜಿಯ ಕೆಳಸ್ವರದ ಮೇಲೆಯೇ ಬಿದ್ದಿದೆ. ಅದನ್ನು ಕಿತ್ತರೆ ಸ್ವರದ ತಿರುಳೂ ಕಿತ್ತುಬರುತ್ತದೆ. ಅದನ್ನು ಮುಟ್ಟಲಿಲ್ಲ.