ಟ್ರಾನ್ಸ್‌ಫಾರ್ಮರ್‌ನ ನಿಜವಾದ ಬೆಲೆ

ರಾತ್ರಿ ಕ್ಯಾಂಪಸ್ಸಿನ ದೀಪಗಳೆಲ್ಲ ಆರಿದರೂ ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತಲೇ ಇರುತ್ತದೆ. ಅದರ ಕಬ್ಬಿಣದ ತಿರುಳು ಲೋಡ್ ಇಲ್ಲದಿದ್ದರೂ ವಿದ್ಯುತ್ ತಿನ್ನುತ್ತದೆ. ಸುರುಳಿಗಳ ನಷ್ಟ ಹಾಗಲ್ಲ, ಅದು ಲೋಡಿನ ವರ್ಗಕ್ಕೆ ತಕ್ಕಂತೆ ಏರುತ್ತದೆ: ಅರ್ಧ ಲೋಡಿಗೆ ಕಾಲುಭಾಗ ನಷ್ಟ.

ಯೂನಿಟ್‌ಗೆ 8 ರೂಪಾಯಿ, 25 ವರ್ಷ ಆಯುಸ್ಸು, ಶೇ. 10 ಬಡ್ಡಿ ಎಂದುಕೊಳ್ಳಿ. ಆಗ ಒಂದು ಕಿಲೋವ್ಯಾಟ್ ತಿರುಳಿನ ನಷ್ಟದ ಇಂದಿನ ಮೌಲ್ಯ ಸುಮಾರು 6.36 ಲಕ್ಷ ರೂಪಾಯಿ. ಲೋಡ್ ಶೇ. 40ರ ಆಸುಪಾಸಿನಲ್ಲಿದ್ದರೆ, ಪೂರ್ಣ ಲೋಡಿಗೆ ನಮೂದಿಸಿದ ಸುರುಳಿ ನಷ್ಟದ ಪ್ರತಿ ಕಿಲೋವ್ಯಾಟ್‌ಗೆ ಬರೀ 1.02 ಲಕ್ಷ.

ಈಗ ಒಂದೂವರೆ ಲಕ್ಷ ದುಬಾರಿಯಾದ ಟ್ರಾನ್ಸ್‌ಫಾರ್ಮರ್‌ನಲ್ಲಿ ತಿರುಳಿನ ನಷ್ಟ ಅರ್ಧ ಕಿಲೋವ್ಯಾಟ್ ಕಡಿಮೆ, ಸುರುಳಿ ನಷ್ಟ ಒಂದು ಕಿಲೋವ್ಯಾಟ್ ಹೆಚ್ಚು ಇದ್ದರೂ, ಕೊನೆಗೆ 66 ಸಾವಿರ ಉಳಿಯುತ್ತದೆ. ಲೋಡ್ ಶೇ. 80 ಮುಟ್ಟಿದರೆ ಲೆಕ್ಕ ತಲೆಕೆಳಗು. ಆದ್ದರಿಂದ ಟೆಂಡರ್‌ಗೂ ಮುಂಚೆ ಮೀಟರ್ ದಾಖಲೆ ನೋಡಿ.