ಒಬ್ಬೊಬ್ಬರಿಗೆ ಒಂದೊಂದು ಸ್ಲೈಡ್

ಇನ್‌ಸ್ಟಾಗ್ರಾಮ್‌ನಲ್ಲಿ ಬೆರಳಿನಿಂದ ಸರಿಸುತ್ತಾ ನೋಡುವ ಚಿತ್ರಸರಣಿಗೆ ಕೆರೋಸೆಲ್ ಎನ್ನುತ್ತಾರೆ. ಸಣ್ಣ ಕಂಪನಿಗಳು ತಮ್ಮ ಕೆಲಸಗಾರರನ್ನು ಗ್ರಾಹಕರಿಗೆ ಪರಿಚಯಿಸಲು ಇದನ್ನು ಬಳಸುವುದು ಈಗ ರೂಢಿಯಾಗಿದೆ. ಒಬ್ಬರಿಗೆ ಒಂದು ಸ್ಲೈಡ್, ಅದರಲ್ಲಿ ಮೂರು ಸಾಲು: ಅವರ ಕೆಲಸ, ಅವರ ಹೆಚ್ಚುಗಾರಿಕೆ, ಒಂದು ಸ್ವಾರಸ್ಯದ ಸಂಗತಿ. ಇಷ್ಟೇ ಇದ್ದರೂ ಹೆಚ್ಚಿನ ಸ್ಲೈಡ್‌ಗಳು ಎರಡನೆಯ ಸಾಲಿನಲ್ಲೇ ಸೋಲುತ್ತವೆ.

ಚನ್ನಪಟ್ಟಣದಲ್ಲಿ ಐದು ಜನರಿರುವ ಗೊಂಬೆ ತಯಾರಿಕಾ ಘಟಕವೊಂದಿದೆ ಎಂದುಕೊಳ್ಳಿ. ಲೇತ್ ಮೇಲೆ ಹಾಲೆ ಮರದ ತುಂಡನ್ನು ಕಡೆಯುವವರ ಸ್ಲೈಡಿಗೆ ಮೊದಲು ಹೊಳೆಯುವ ಮಾತು ‘ಶ್ರಮಜೀವಿ, ಅನುಭವಿ’. ಹೆಸರು ಮುಚ್ಚಿ ಓದಿ ನೋಡಿ. ಲೆಕ್ಕ ಬರೆಯುವವರಿಗೂ ಪ್ಯಾಕಿಂಗ್ ಮಾಡುವವರಿಗೂ ಅದೇ ಮಾತು ಸಲ್ಲುತ್ತದೆ. ಅಂದಮೇಲೆ ಅದರಿಂದ ಯಾರ ಪರಿಚಯವೂ ಆಗಲಿಲ್ಲ.

ಸರಿಯಾದ ಸಾಲು ಬೇಕಿದ್ದರೆ ಪಕ್ಕದಲ್ಲಿ ಕೂತು ಕೆಲಸ ಮಾಡುವವರನ್ನು ಕೇಳಬೇಕು: ಇವರು ಒಂದು ವಾರ ರಜೆ ಹಾಕಿದರೆ ಯಾವ ಕೆಲಸಕ್ಕೆ ತೊಂದರೆಯಾಗುತ್ತದೆ? ಉತ್ತರ ಬಣ್ಣದ ಕಡೆ ಹೋಗಬಹುದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಆಮೇಲೆ ಕೇದಗೆಯ ಗರಿಯಿಂದ ಒತ್ತಿ ಹೊಳಪು ತರುತ್ತಾರೆ. ಇದನ್ನು ತಿಳಿದರೆ ಸಾಲು ತಾನಾಗಿ ಬರುತ್ತದೆ: ‘ಕೆಂಪು, ಹಳದಿ ಸೇರುವ ಗೆರೆ ಇವರ ಕೈಯಲ್ಲಿ ಕದಡುವುದಿಲ್ಲ.’ ಕೆಲಸದ ಹೆಸರೂ ‘ಪ್ರೊಡಕ್ಷನ್ ಎಕ್ಸಿಕ್ಯುಟಿವ್’ ಆಗಬೇಕಿಲ್ಲ. ‘ಲೇತ್ ಮತ್ತು ಅರಗಿನ ಬಣ್ಣ’ ಸಾಕು.

ಸ್ವಾರಸ್ಯದ ಸಂಗತಿ ಅವರ ಬಾಯಿಂದಲೇ ಬರಬೇಕು. ‘ಪ್ರವಾಸ ಇಷ್ಟ’ ಎಂದರೆ ಯಾರಿಗೂ ನೆನಪಿರುವುದಿಲ್ಲ. ‘ಹೊಸ ಗೊಂಬೆಯನ್ನು ಮೊದಲು ಮೊಮ್ಮಗಳ ಕೈಗೆ ಕೊಡುತ್ತೇನೆ, ಅವಳು ಎಸೆದು ನೋಡಿದ ಮೇಲೆಯೇ ಅಂಗಡಿಗೆ’ ಎಂದರೆ ಮನುಷ್ಯರೂ ಕಾಣುತ್ತಾರೆ, ಸರಕಿನ ಮೇಲೆ ನಂಬಿಕೆಯೂ ಹುಟ್ಟುತ್ತದೆ. ವಯಸ್ಸು, ಆರೋಗ್ಯ, ಮದುವೆ, ಮನೆ ವಿಳಾಸ ಇಲ್ಲಿ ಬೇಡ. ಹಾಕುವ ಮುನ್ನ ಸ್ಲೈಡನ್ನು ಅವರಿಗೇ ತೋರಿಸಿ ಒಪ್ಪಿಗೆ ಪಡೆಯಬೇಕು.

ಇನ್ನು ಜೋಡಣೆ. ಮಾಲೀಕರನ್ನು ಮೊದಲಿಟ್ಟು ಹುದ್ದೆಯ ಪ್ರಕಾರ ಇಳಿಯುತ್ತಾ ಹೋದರೆ ಅದು ಕಚೇರಿಯ ನಾಮಫಲಕವಾಗುತ್ತದೆ. ಗೊಂಬೆ ಸಾಗುವ ದಾರಿಯಲ್ಲೇ ಹೋಗುವುದು ಚೆಂದ: ಮರ ಆರಿಸುವವರು, ಕಡೆಯುವವರು, ಭಾಗ ಜೋಡಿಸುವವರು, ಪ್ಯಾಕಿಂಗ್ ಮಾಡುವವರು, ಕೊನೆಗೆ ಆರ್ಡರ್ ಮತ್ತು ಲೆಕ್ಕ ನೋಡುವವರು. ಮಾಲೀಕರು ಇವುಗಳಲ್ಲಿ ಯಾವ ಕೆಲಸ ಮಾಡುತ್ತಾರೋ ಅಲ್ಲೇ ಬರಲಿ. ಮುಖಪುಟ, ಐದು ಜನ, ಆರ್ಡರ್ ಮಾಡುವ ಬಗೆ ಸೇರಿ ಏಳು ಸ್ಲೈಡ್ ಆಗುತ್ತದೆ. ಇನ್‌ಸ್ಟಾಗ್ರಾಮ್ 20ರವರೆಗೆ ಬಿಡುತ್ತದೆ. ಅಳತೆ 1080 × 1350 ಪಿಕ್ಸೆಲ್ ಇದ್ದರೆ ಮೊಬೈಲ್ ಪರದೆ ಚೆನ್ನಾಗಿ ತುಂಬುತ್ತದೆ. ಎಲ್ಲ ಫೋಟೊಗಳೂ ಅವರವರು ಕೆಲಸ ಮಾಡುವ ಜಾಗದಲ್ಲಿ, ಕಿಟಕಿಯ ಬೆಳಕಿನಲ್ಲಿ ತೆಗೆದವಾಗಿರಲಿ.

ಯಾರಾದರೂ ಕೆಲಸ ಬಿಟ್ಟರೆ ಅವರ ಸ್ಲೈಡನ್ನು ಮಾತ್ರ ತೆಗೆಯಬಹುದು, ಉಳಿದವು ಹಾಗೇ ಇರುತ್ತವೆ. ಹೊಸಬರು ಬಂದರೆ ಹೊಸ ಪೋಸ್ಟ್ ಹಾಕುವುದೇ ಸರಳ. ಅದಕ್ಕೇ ಮುಖಪುಟದ ಮೇಲೆ ‘ನಾವು ಐವರು’ ಎಂದು ಬರೆಯದೆ ‘ನಿಮ್ಮ ಗೊಂಬೆ ಮಾಡುವವರು’ ಎಂದು ಬರೆಯುವುದು ಒಳ್ಳೆಯದು.