ಬೆಳಗಿನ ಆರಕ್ಕೆ ತಾತನ ದನಿ

ಪ್ರೀತಿಯ ಅಜ್ಜಿ,

ಥೈರಾಯ್ಡ್ ಮಾತ್ರೆ ಮರೆತು ಮೊದಲು ಕಾಫಿ ಕುಡಿದುಬಿಡ್ತೀನಿ ಅಂತ ಮೊನ್ನೆ ಹೇಳಿದೆಯಲ್ಲ, ಅದಕ್ಕೇ ಈ ಕಾಗದ. ಆ ಮಾತ್ರೆ ಖಾಲಿ ಹೊಟ್ಟೆಗೆ ಬೀಳಬೇಕು. ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ತೊಗೊಬಾರದು. ಕಾಫಿ ಬೇಗ ಒಳಗೆ ಹೋದರೆ ಮಾತ್ರೆ ಮೈಗೆ ಪೂರ್ತಿ ಹತ್ತುವುದಿಲ್ಲ. ಹಾಗಾಗಿ ಆರು ಗಂಟೆಗೆ ಮಾತ್ರೆ, ಏಳಕ್ಕೆ ಕಾಫಿ ಅಂತ ಇಟ್ಟುಕೊಳ್ಳೋಣ.

ಬರೀ ಟ್ರಿಣ್ ಟ್ರಿಣ್ ಅನ್ನುವ ಅಲಾರಂ ಬೇಡ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀಚಲು ಸದ್ದುಗಳನ್ನು. ಕೇಳಿಸಿದರೂ ಅದು ಯಾಕೆ ಬಡಿದುಕೊಳ್ಳುತ್ತಿದೆ ಅಂತ ನೀನೇ ನೆನಪು ಮಾಡಿಕೊಳ್ಳಬೇಕು. ಮನುಷ್ಯರ ದನಿಯಾದರೆ ಕೆಲಸವನ್ನೂ ಅದೇ ಹೇಳುತ್ತದೆ. ತಾತನದು ಗಡಸು ಗಂಟಲು, ಅವರ ದನಿಯನ್ನೇ ಹಿಡಿದಿಡೋಣ.

ಮಧ್ಯಾಹ್ನ ಊಟವಾದ ಮೇಲೆ ತಾತನನ್ನು ಪಕ್ಕದಲ್ಲಿ ಕೂರಿಸಿಕೊ. ಫ್ಯಾನು, ಟಿ.ವಿ. ಆರಿಸು. ಫೋನಿನಲ್ಲಿ Recorder ಅಂತ ಬರೆದಿರುವ ಚಿತ್ರ ಒತ್ತು. ಕೆಂಪು ಗುಂಡಿ ಮುಟ್ಟಿದರೆ ದನಿ ಹಿಡಿಯಲು ಶುರುವಾಗುತ್ತದೆ. ಫೋನನ್ನು ತಾತನ ಬಾಯಿಂದ ಒಂದು ಗೇಣು ದೂರ ಹಿಡಿ. ಅವರು ಮೊದಲು ನಿನ್ನನ್ನು ಕೂಗಲಿ, ಒಂದು ಉಸಿರು ನಿಲ್ಲಲಿ, ಆಮೇಲೆ ನಿಧಾನವಾಗಿ ಹೇಳಲಿ: “ಏನೇ, ಆರು ಗಂಟೆ ಆಯ್ತು. ಥೈರಾಯ್ಡ್ ಮಾತ್ರೆ ನುಂಗಿ ನೀರು ಕುಡಿ. ಕಾಫಿ ಏಳು ಗಂಟೆಗೆ.” ಮೊದಲು ಕೂಗುವುದು ಯಾಕೆಂದರೆ, ನಿದ್ದೆಗಣ್ಣಲ್ಲಿ ಮೊದಲ ಮಾತು ಕಿವಿ ತಪ್ಪುತ್ತದೆ. ಹೇಳಿ ಮುಗಿದ ಕೂಡಲೇ ನಿಲ್ಲಿಸಬೇಡ, ಮನಸ್ಸಲ್ಲೇ ಐದರವರೆಗೆ ಎಣಿಸಿ ನಿಲ್ಲಿಸು. ಅಲಾರಂ ಈ ಮಾತನ್ನೇ ಮತ್ತೆ ಮತ್ತೆ ಹೇಳುತ್ತಿರುತ್ತದೆ. ನಡುವೆ ಬಿಡುವಿಲ್ಲದಿದ್ದರೆ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಕೊನೆಗೆ Save ಒತ್ತು.

ಈಗ ಗಡಿಯಾರದ ಚಿತ್ರವಿರುವ Clock ತೆರೆ. ನಿನ್ನ ಫೋನಿನಲ್ಲಿರುವುದು ಗೂಗಲ್‌ನವರದ್ದು. ಕೆಳಗಡೆ ಸಾಲಿನಲ್ಲಿ Alarm ಮುಟ್ಟು. ಕೂಡಿಸುವ ಗುರುತು (+) ಇರುವ ಗುಂಡಿ ಒತ್ತಿದರೆ ಗಡಿಯಾರದ ಮುಖ ಬರುತ್ತದೆ. ನೇರವಾಗಿ ಆರು ಗಂಟೆಗೆ ಇಡಬೇಡ ಅಜ್ಜಿ. ಮೊದಲು ಪರೀಕ್ಷೆ. ಈಗ ಎರಡೂವರೆ ಆಗಿದ್ದರೆ 2 ಮುಟ್ಟು, ಆಮೇಲೆ ನಿಮಿಷದಲ್ಲಿ 45 ಮುಟ್ಟು, PM ಒತ್ತಿ OK ಕೊಡು. AM ಅಂದರೆ ಮಧ್ಯರಾತ್ರಿಯಿಂದ ಮಧ್ಯಾಹ್ನದವರೆಗೆ, PM ಅಂದರೆ ಅಲ್ಲಿಂದ ಮಧ್ಯರಾತ್ರಿಯವರೆಗೆ. ಹೆಚ್ಚಿನವರು ಎಡವುವುದು ಇಲ್ಲಿಯೇ.

ಆಗ ಆ ಅಲಾರಂ ಅಗಲವಾಗಿ ತೆರೆದುಕೊಂಡಿರುತ್ತದೆ. ಮುಚ್ಚಿದ್ದರೆ ಕೆಳಮುಖದ ಬಾಣ ಮುಟ್ಟು. ಒಳಗೆ ವಾರದ ಏಳು ದಿನಕ್ಕೆ ಏಳು ಪುಟ್ಟ ವೃತ್ತಗಳಿವೆ. ಒಂದೊಂದನ್ನೂ ಮುಟ್ಟಿ ಏಳಕ್ಕೂ ಬಣ್ಣ ಬರಿಸು. ಇದನ್ನು ಬಿಟ್ಟರೆ ಅಲಾರಂ ಒಂದೇ ದಿನ ಹೊಡೆದು ಸುಮ್ಮನಾಗುತ್ತದೆ.

ಅದರ ಕೆಳಗೆ ಗಂಟೆಯ ಚಿತ್ರ, ಪಕ್ಕದಲ್ಲಿ ಯಾವುದೋ ಸದ್ದಿನ ಹೆಸರು ಕಾಣುತ್ತದೆ. ಅದನ್ನು ಮುಟ್ಟಿ, Add new ಒತ್ತು. ಫೋನಿನಲ್ಲಿರುವ ದನಿಗಳ ಪಟ್ಟಿ ಬರುತ್ತದೆ. ಈಗತಾನೇ ಹಿಡಿದದ್ದು ಸಾಮಾನ್ಯವಾಗಿ ಮೇಲೇ ಇರುತ್ತದೆ. ಅದನ್ನು ಮುಟ್ಟಿದರೆ ತಾತ ಮಾತಾಡುತ್ತಾರೆ. ಎಡಗಡೆ ಮೇಲಿನ ಬಾಣದಿಂದ ಹಿಂದಕ್ಕೆ ಬಾ.

ಮುಕ್ಕಾಲಾಗುವವರೆಗೆ ಫೋನನ್ನು ನೀನು ಮಲಗುವ ಕೋಣೆಯಲ್ಲಿಟ್ಟು, ಅಡುಗೆಮನೆಯಲ್ಲಿ ನಿಂತು ಕೇಳು. ಸಣ್ಣಗೆ ಕೇಳಿಸಿದರೆ ಕರೆಯ ಸದ್ದು ಹೆಚ್ಚಿಸಿ ಪ್ರಯೋಜನವಿಲ್ಲ, ಅಲಾರಂಗೆ ಬೇರೆಯದೇ ಅಳತೆಯಿದೆ. Settings ಒಳಗೆ Sound ಅಂತಿದೆ, ಅಲ್ಲಿ Alarm volume ಗೆರೆಯನ್ನು ಬಲಕ್ಕೆ ಪೂರ್ತಿ ಎಳೆ. ಫೋನು ಸೈಲೆಂಟ್ ಆಗಿದ್ದರೂ ಸಾಮಾನ್ಯವಾಗಿ ಅಲಾರಂ ಕೂಗುತ್ತದೆ. ಆದರೆ ಚಾರ್ಜು ಮುಗಿದು ಫೋನು ಆರಿಹೋದರೆ ಕೂಗುವುದಿಲ್ಲ, ಅದಕ್ಕೇ ಮಲಗುವ ಮುಂಚೆ ಚಾರ್ಜಿಗೆ ಹಾಕು. ತಾತನ ದನಿ ಬಿಟ್ಟು ಹಳೆಯ ಸದ್ದೇ ಬಂದರೆ, ಯಾರೋ ಆ ರೆಕಾರ್ಡಿಂಗನ್ನು ಅಳಿಸಿರಬಹುದು.

ಎಲ್ಲ ಸರಿಯಿದ್ದರೆ 2:45 ಅನ್ನುವ ಅಂಕಿಯನ್ನೇ ಮುಟ್ಟಿ 6:00, AM ಮಾಡಿ OK ಕೊಡು. ಬಲಗಡೆಯ ಗುಂಡಿ ಬಣ್ಣದಲ್ಲಿ ಕಾಣುತ್ತಿದ್ದರೆ ಅಲಾರಂ ಎಚ್ಚರವಾಗಿದೆ.

ಇನ್ನೊಂದು ಮಾತು. ನೀನು ನುಂಗಿದೆಯೋ ಇಲ್ಲವೋ ಫೋನಿಗೆ ಗೊತ್ತಾಗುವುದಿಲ್ಲ. ಮಾತ್ರೆ ಗಂಟಲಿಗೆ ಇಳಿಯುವವರೆಗೆ Stop ಒತ್ತಬೇಡ. ಕೈ ಬಿಡುವಿಲ್ಲದಿದ್ದರೆ Snooze ಒತ್ತು, ಸ್ವಲ್ಪ ಹೊತ್ತು ಬಿಟ್ಟು ತಾತ ಮತ್ತೆ ಕರೆಯುತ್ತಾರೆ. ನುಂಗಿದೆನೋ ಇಲ್ಲವೋ ಅಂತ ಅನುಮಾನ ಬಂದರೆ ಇನ್ನೊಂದು ನುಂಗಬೇಡ. ವಾರದ ಏಳು ಖಾನೆಯ ಡಬ್ಬಿ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಭಾನುವಾರ ತುಂಬಿಸಿಟ್ಟರೆ, ಖಾನೆ ಖಾಲಿಯಿದೆಯೇ ಅಂತ ನೋಡಿದರೆ ಸಾಕು.

ಡಾಕ್ಟರು ಸಂಜೆಗೆ ಕ್ಯಾಲ್ಸಿಯಂ ಬರೆದಿದ್ದಾರಲ್ಲ, ಅದಕ್ಕೂ ಇದೇ ರೀತಿ ಇನ್ನೊಂದು ಮಾಡು. ಆ ಮಾತ್ರೆಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆಯಾದರೂ ಅಂತರ ಬೇಕು. ಹಾಗಾಗಿ ಅದನ್ನು ರಾತ್ರಿ ಊಟದ ಹೊತ್ತಿಗೇ ಇಡು. ಆ ದನಿ ಬೇಕಾದರೆ ನನ್ನದಾಗಲಿ, ಭಾನುವಾರ ಬಂದಾಗ ನಿನ್ನ ಫೋನಿನಲ್ಲೇ ಹೇಳಿ ಇಡುತ್ತೇನೆ.

ನಿನ್ನ ಮೊಮ್ಮಗ